ಹಾಸ್ಟೆಲ್‌ನಲ್ಲಿ ಕಜ್ಜಿಯಾದರೆ ವಾರ್ಡನ್‌ಗೆ ಏನಂತ ಬರೆಯುವುದು?

ಹಗಲು ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಲೈಟ್ ಆರಿಸಿ ಹೊದ್ದು ಮಲಗಿದ ಮೇಲೆ ತುರಿಕೆ ಜಾಸ್ತಿ. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ಸಣ್ಣ ಗುಳ್ಳೆಗಳು. ಪಕ್ಕದ ಮಂಚದವನೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಯೇ ಇರಬಹುದು. ಚರ್ಮದೊಳಗೆ ಕೊರೆದು ಮೊಟ್ಟೆಯಿಡುವ ಪುಟ್ಟ ನುಸಿಯಿಂದ ಬರುತ್ತದೆ.

ಮೊದಲು ಡಾಕ್ಟರ್ ಚೀಟಿ ತನ್ನಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಸ್ಟೀರಾಯ್ಡ್ ಕ್ರೀಮು ಹಚ್ಚಬೇಡಿ. ತುರಿಕೆ ಅಡಗುತ್ತದೆ, ನುಸಿ ಸಾಯುವುದಿಲ್ಲ. ರೂಮಿನವರಿಗೂ ಔಷಧ ಬೇಕು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ಇನ್ನು ಪತ್ರ. ‘ಪೂರ್ತಿ ಗುಣವಾಗುವವರೆಗೆ ಬೇರೆ ರೂಮು ಕೊಡಿ’ ಎಂದು ಬರೆದರೆ ಕೆಲಸ ಕೆಡುತ್ತದೆ. ನುಸಿ ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರಬಹುದು. ಅಷ್ಟು ದಿನ ರೂಮು ಎಲ್ಲಿಂದ ಬರಬೇಕು? ‘ಊರಿಗೆ ಹೋಗಿ ಬಾ’ ಅಂತಾರೆ, ಮನೆಯವರಿಗೂ ಅಂಟುತ್ತದೆ. ಆದರೆ ಮುಲಾಮು ಸರಿಯಾಗಿ ಹಚ್ಚಿ ಒಂದು ದಿನ ಕಳೆದರೆ ಸಾಮಾನ್ಯವಾಗಿ ಹರಡುವುದು ನಿಲ್ಲುತ್ತದೆ. ಹಾಗಾಗಿ ದಿನ ಎಣಿಸಿ ಕೇಳಿ:

ಮಾನ್ಯರೇ,
ನನಗೆ ಕಜ್ಜಿಯಾಗಿದೆ. ಡಾಕ್ಟರ ಚೀಟಿ ಲಗತ್ತಿಸಿದ್ದೇನೆ. ಶನಿವಾರ ರಾತ್ರಿ ಮುಲಾಮು ಹಚ್ಚಿಕೊಳ್ಳುತ್ತೇನೆ. ಶುಕ್ರವಾರ ಮತ್ತು ಶನಿವಾರ, ಎರಡು ರಾತ್ರಿಗೆ ಬೇರೆ ಮಂಚ ಬೇಕು. ಭಾನುವಾರ ಬೆಳಿಗ್ಗೆ ನನ್ನ ಬಟ್ಟೆ, ಹೊದಿಕೆ ಬೇರೆಯಾಗಿ ಒಗೆಯಲು ಬಿಸಿನೀರು ಮತ್ತು ಪ್ರತ್ಯೇಕ ಬಕೆಟ್ ಬೇಕು. ರೂಮಿನ ಉಳಿದ ಮೂವರಿಗೂ ಅದೇ ರಾತ್ರಿ ಔಷಧ ಹಚ್ಚಿಸಬೇಕೆಂದು ಡಾಕ್ಟರು ಬರೆದಿದ್ದಾರೆ. ದಯವಿಟ್ಟು ವ್ಯವಸ್ಥೆ ಮಾಡಿಕೊಡಬೇಕಾಗಿ ವಿನಂತಿ.

ಇದನ್ನು ಮೆಸ್ಸಿನ ಸಾಲಿನಲ್ಲಿ ನಿಂತು ಕೊಡಬೇಡಿ. ಆಫೀಸಿನಲ್ಲಿ ಒಬ್ಬರೇ ಇದ್ದಾಗ ಕೊಡಿ.

ಸಾಮಾನ್ಯವಾಗಿ ಬರೆದುಕೊಡುವುದು ಶೇ 5ರ ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಕಾಲ್ಬೆರಳವರೆಗೆ, ಉಗುರಿನ ಸಂದಿಯನ್ನೂ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ಒಂದು ವಾರದ ನಂತರ ಸಾಮಾನ್ಯವಾಗಿ ಇನ್ನೊಮ್ಮೆ ಹಚ್ಚಲು ಹೇಳುತ್ತಾರೆ.

ಬಟ್ಟೆಯ ವಿಷಯಕ್ಕೆ ಗಾಬರಿ ಬೇಡ. ಮೈಯಿಂದ ಹೊರಬಿದ್ದ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಕಳೆದ ಮೂರು ದಿನ ಬಳಸಿದ್ದನ್ನು ಒಗೆದರೆ ಸಾಕು. ನೀರು ಕೈ ಇಡಲಾರದಷ್ಟು ಬಿಸಿ ಇರಲಿ, ಬಟ್ಟೆ ಅದರಲ್ಲಿ ನೆನೆಯಲಿ, ಆಮೇಲೆ ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಒಂದು ವಾರ ಮೂಲೆಗಿಡಿ.

ಪತ್ರದಲ್ಲಿ ‘ಉಳಿದ ಮೂವರಿಗೂ’ ಎಂಬ ಸಾಲನ್ನು ಮಾತ್ರ ಬಿಡಬೇಡಿ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ಎರಡರಿಂದ ಆರು ವಾರ ಬೇಕು. ‘ನಂಗೇನೂ ಆಗಿಲ್ಲ’ ಅನ್ನುವವರ ಮೈಮೇಲೂ ಅದು ಇರಬಹುದು. ನಮ್ಮ ರೂಮಿನಲ್ಲಿ ಮೂವರು ಹಚ್ಚಿಕೊಂಡೆವು, ನಾಲ್ಕನೆಯವ ಜಾತ್ರೆಗೆಂದು ಊರಿಗೆ ಹೋಗಿದ್ದ. ಅವನು ಬಂದ ತಿಂಗಳೊಳಗೆ ನಾವು ನಾಲ್ವರೂ ಮತ್ತೆ ಆಫೀಸಿನ ಬಾಗಿಲಲ್ಲಿ ನಿಂತಿದ್ದೆವು.