ಪುಣ್ಯಕೋಟಿಗೆ ಎಷ್ಟು ಅಂಕ? ನೃತ್ಯರೂಪಕದ ಪ್ರಾಯೋಗಿಕ ಪರೀಕ್ಷೆಗೆ ರೂಬ್ರಿಕ್ ಬರೆಯುವ ಬಗೆ

ಒಂದು ಹೈಸ್ಕೂಲಿನಲ್ಲಿ ಎಂಟನೇ ತರಗತಿಯ ಮಕ್ಕಳು ಗೋವಿನ ಹಾಡನ್ನು ನೃತ್ಯರೂಪಕವಾಗಿ ಆಡಿದರು. ಅಂಕ ಹಾಕಲು ಕೂತವರು ಇಬ್ಬರು: ನಾಟಕದ ಮೇಷ್ಟ್ರಾಗಿ ನಾನು, ಜೊತೆಗೆ ಸಂಗೀತದ ಮೇಡಂ. ಪುಣ್ಯಕೋಟಿಯಾದ ಹುಡುಗಿಗೆ ನಾನು 20ಕ್ಕೆ 17 ಕೊಟ್ಟಿದ್ದೆ, ಅವರು 11.

"ಕರುವನ್ನು ಬಿಟ್ಟು ಹೊರಟಾಗ ನನ್ನ ಕಣ್ಣೇ ಒದ್ದೆಯಾಯ್ತಲ್ಲ ಮೇಡಂ" ಅಂದೆ.

"ಹಾಡಿಗೆ ಹೆಜ್ಜೆ ಎಲ್ಲಿ ಕೂತಿತ್ತು ಸರ್?" ಅಂದರು.

ನಾನು ಅವಳ ಮುಖ ನೋಡಿದ್ದೆ, ಅವರು ಕಾಲು ನೋಡಿದ್ದರು. ನಮ್ಮ ಕೈಯಲ್ಲಿದ್ದ ಹಾಳೆಯಲ್ಲಿ "ಅಭಿನಯ: ಅತ್ಯುತ್ತಮ, ಉತ್ತಮ, ಸಾಧಾರಣ" ಎಂದು ಮಾತ್ರ ಅಚ್ಚಾಗಿತ್ತು. ಯಾವುದನ್ನು ನೋಡಬೇಕು ಎಂದು ಆ ಹಾಳೆ ಹೇಳಿರಲಿಲ್ಲ. ಮರುವರ್ಷ ಅದೇ ಕಥೆಯನ್ನು ಮುಂದಿನ ತಂಡ ಆಡುವುದಿತ್ತು. ಅದಕ್ಕಾಗಿ ನಾವಿಬ್ಬರೂ ಕೂತು ಬರೆದ ರೂಬ್ರಿಕ್, ಅಂದರೆ ಏನು ಕಂಡರೆ ಎಷ್ಟು ಅಂಕ ಎಂದು ಬಿಡಿಸಿ ಹೇಳುವ ಹಾಳೆ, ಹೇಗೆ ಬೆಳೆಯಿತು ಎಂಬುದನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಮೊದಲು ದೃಶ್ಯವನ್ನು ಕತ್ತರಿಸಿಕೊಳ್ಳಿ

ಇಡೀ ಕಥೆಗೆ ಅಂಕ ಹಾಕಲು ಹೋಗಬೇಡಿ. ನಾವು ಐದು ನಿಮಿಷದ ಒಂದು ತುಂಡನ್ನು ಆರಿಸಿಕೊಂಡೆವು. ಹುಲಿ ಅಡ್ಡಗಟ್ಟುತ್ತದೆ, ಪುಣ್ಯಕೋಟಿ ಮಾತು ಕೊಟ್ಟು ದೊಡ್ಡಿಗೆ ಬರುತ್ತಾಳೆ, ಕರುವಿಗೆ ಹಾಲೂಡಿಸಿ ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ ಮತ್ತೆ ಗವಿಗೆ ನಡೆಯುತ್ತಾಳೆ. ಪುಣ್ಯಕೋಟಿ, ಹುಲಿ ಅರ್ಬುತ, ಕರು, ಗೊಲ್ಲ ಕಾಳಿಂಗ, ಇನ್ನೆರಡು ಹಸುಗಳು, ಒಟ್ಟು ಆರು ಮಕ್ಕಳು. ಇಷ್ಟರಲ್ಲೇ ಅಳು, ಭಯ, ನಡಿಗೆ, ಕಾಯುವಿಕೆ ಎಲ್ಲವೂ ಬಂದುಹೋಗುತ್ತದೆ.

ಅಂಕದ ಲೆಕ್ಕ ಸುಲಭವಾಗಿರಲಿ. ಭಾವ, ಲಯ, ರಂಗದ ಬಳಕೆ ಎಂದು ಮೂರು ಅಂಶ, ಪ್ರತಿಯೊಂದಕ್ಕೂ 1ರಿಂದ 4ರವರೆಗೆ ನಾಲ್ಕು ಮಟ್ಟ. ಭಾವ ಮತ್ತು ಲಯದ ಮಟ್ಟವನ್ನು ಎರಡರಿಂದ ಗುಣಿಸಿ, ರಂಗದ್ದನ್ನು ಹಾಗೇ ಇಟ್ಟುಕೊಂಡರೆ 8, 8, 4 ಸೇರಿ 20 ಆಗುತ್ತದೆ. ರಂಗಕ್ಕೆ ಕಡಿಮೆ ಯಾಕೆಂದರೆ, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಬಹುಪಾಲು ಮೇಷ್ಟ್ರೇ ಹೇಳಿಕೊಟ್ಟಿರುತ್ತಾರೆ. ಐದು ಮಟ್ಟ ಮಾತ್ರ ಬೇಡ. ನಡುವಿನ ಮೂರು ಅನ್ನುವುದು ಪರೀಕ್ಷಕರಿಗೆ ಆರಾಮಕುರ್ಚಿ ಇದ್ದ ಹಾಗೆ, ಕೂತವರು ಏಳುವುದಿಲ್ಲ.

ಬರೆಯಲು ಶುರುಮಾಡುವುದು ಮೂರನೇ ಮಟ್ಟದಿಂದ. ಇಷ್ಟು ಪಿರಿಯಡ್ ಅಭ್ಯಾಸ ಮಾಡಿಸಿದ ಮೇಲೆ ಒಂದು ಸಾಮಾನ್ಯ ಮಗು ಏನು ಮಾಡಬೇಕು ಅನ್ನುವುದೇ 3. ಅದು ಗಟ್ಟಿಯಾದರೆ ಮೇಲಿನ 4, ಕೆಳಗಿನ 2 ಮತ್ತು 1 ತಾವೇ ಹೊಳೆಯುತ್ತವೆ.

ಲಯ: ಕಿವಿಗೆ ಸಿಗುವ ಗುರುತು ಹುಡುಕಿ

ಮೂರರಲ್ಲಿ ಇದೇ ಸುಲಭ, ಏಕೆಂದರೆ ತಪ್ಪು ಎಲ್ಲಾಗುತ್ತದೆ ಎಂದು ಹಾಡೇ ತೋರಿಸಿಕೊಡುತ್ತದೆ. ಮಟ್ಟು ಊರೂರಿಗೆ ಬೇರೆಯಿರಬಹುದು, ಆದರೆ ಗೋವಿನ ಹಾಡಿನ ಸಾಲಿನ ಕಟ್ಟು ಮೂರು-ನಾಲ್ಕರದು. ನಾವು ಹಾಡಿಸಿದ್ದೂ ಹಾಗೆಯೇ. "ಧರಣಿ" ಮೂರು ಮಾತ್ರೆ, "ಮಂಡಲ" ನಾಲ್ಕು, "ಮಧ್ಯ" ಮೂರು. ತಕಿಟ ತಕದಿಮಿ, ತಕಿಟ ತಕದಿಮಿ ಎಂದು ಏಳೇಳರ ನಡೆ. ಕೊನೆಯ "ದೊಳಗೆ" ಮಾತ್ರ ಅಕ್ಷರದಲ್ಲಿ ಮೂರೇ ಮಾತ್ರೆ. ಹಾಡುವಾಗ "ಗೆ" ಎಳೆದು ನಾಲ್ಕು ಮಾಡಿಕೊಳ್ಳುತ್ತೇವೆ.

ಮಕ್ಕಳು ಎಡವುವುದು ಇಲ್ಲೇ. ಬಾಯಿ ಆ ಎಳೆತವನ್ನು ಹಿಡಿಯುತ್ತದೆ, ಕಾಲು ಕಾಯುವುದಿಲ್ಲ. ಒಂದು ಮಾತ್ರೆ ಮೊದಲೇ ಮುಂದಿನ ಸಾಲಿನ ಹೆಜ್ಜೆ ಬಿದ್ದುಬಿಡುತ್ತದೆ, ಎರಡು ಸಾಲಾದರೆ ಎರಡು ಮಾತ್ರೆ. ಹಾಗಾಗಿ ಪರೀಕ್ಷಕರು ಹಾಡಿನುದ್ದಕ್ಕೂ ಕಾಲು ನೋಡುತ್ತ ಕೂರಬೇಕಾಗಿಲ್ಲ. ಪ್ರತಿ ಸಾಲಿನ ಕೊನೆಯ ಎಳೆತವನ್ನೂ ಮುಂದಿನ ಸಾಲಿನ ಮೊದಲ ಪೆಟ್ಟನ್ನೂ ನೋಡಿದರೆ ಸಾಕು.

ನಾವು ಬರೆದದ್ದು ಹೀಗೆ:

4: ಸಾಲಿನ ಕೊನೆಯ ಎಳೆತಕ್ಕೆ ಕಾಲು ಕಾಯುತ್ತದೆ. ಎಲ್ಲಾದರೂ ತಪ್ಪಿದರೆ ಮುಂದಿನ ಸಾಲಿನ ಮೊದಲ ಪೆಟ್ಟಿಗೆ ತಾನೇ ಸರಿಯಾಗುತ್ತದೆ.
3: ಹೆಚ್ಚಿನ ಸಾಲುಗಳಲ್ಲಿ ಮೊದಲ ಪೆಟ್ಟಿಗೆ ಹೆಜ್ಜೆ ಕೂರುತ್ತದೆ. ತಪ್ಪಿದರೆ ಸರಿಹೋಗಲು ಒಂದೆರಡು ಸಾಲು ಬೇಕು.
2: ಪಕ್ಕದವರ ಕಾಲು ನೋಡಿ ಹೆಜ್ಜೆ ಹಾಕುತ್ತದೆ. ಒಂಟಿಯಾಗಿದ್ದಾಗ ಜಾರುತ್ತದೆ.
1: ಹಾಡು ಒಂದು ಕಡೆ, ಕಾಲು ಒಂದು ಕಡೆ.

ತಪ್ಪುಗಳನ್ನು ಎಣಿಸದೆ, ತಪ್ಪಿದ ಮೇಲೆ ಮಗು ಏನು ಮಾಡಿತು ಎಂದು ನೋಡುವುದು ಸಂಗೀತದ ಮೇಡಂ ಅವರ ಸಲಹೆ. ಲಯ ಒಳಗೆ ಇಳಿದಿದೆಯೋ ಅಥವಾ ಬರೀ ಹೆಜ್ಜೆ ಬಾಯಿಪಾಠವಾಗಿದೆಯೋ ಎಂಬುದು ಗೊತ್ತಾಗುವುದು ಅಲ್ಲೇ. ಹಾಡಿಲ್ಲದ ಬರೀ ಮಾತಿನ ನಾಟಕವಾದರೆ ಪೆಟ್ಟಿನ ಜಾಗದಲ್ಲಿ ಮಾತನ್ನು ಎತ್ತಿಕೊಳ್ಳುವ ಹೊತ್ತನ್ನು ನೋಡಿ: ಎದುರಿನವರ ಮಾತು ಮುಗಿಯುವ ಮೊದಲೇ ನುಗ್ಗುತ್ತಾರೋ, ಮುಗಿದ ಮೇಲೆ ಖಾಲಿ ಬಿಡುತ್ತಾರೋ, ಬೇಕೆಂದೇ ನಿಲ್ಲಿಸುತ್ತಾರೋ.

ಭಾವ: ಮಾತಿಲ್ಲದ ಹೊತ್ತಿನಲ್ಲಿ ನೋಡಿ

ನಮ್ಮ ಜಗಳ ಹುಟ್ಟಿದ್ದೇ ಇಲ್ಲಿ. ಭಾವ ಅಂದ ಕೂಡಲೇ ನಾವು ಅಳುವನ್ನು, ಜೋರುದನಿಯನ್ನು ಎಣಿಸಿಬಿಡುತ್ತೇವೆ. ಹುಲಿಯ ಪಾತ್ರದ ಹುಡುಗ ಗರ್ಜಿಸಿದನೆಂದರೆ ಮುಗಿಯಿತು, 4. ನಮ್ಮ ಮೊದಲ ಕರಡಿನಲ್ಲಿ 3ನೇ ಮಟ್ಟಕ್ಕೆ "ಭಾವ ಸಂದರ್ಭಕ್ಕೆ ಹೊಂದುತ್ತದೆ" ಎಂದು ಬರೆದಿದ್ದೆವು. ಓದಲು ಚೆನ್ನಾಗಿತ್ತು, ಕೆಲಸಕ್ಕೆ ಬರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಮೊದಲು ಒಂದು ರಿಹರ್ಸಲ್‌ನಲ್ಲಿ ಇಬ್ಬರೂ ಬೇರೆಬೇರೆ ಕೂತು, ಮಾತಾಡಿಕೊಳ್ಳದೆ ಅಂಕ ಹಾಕಿದೆವು. ಈ ಸಲದ ಪುಣ್ಯಕೋಟಿಗೆ ಭಾವದಲ್ಲಿ ನಾನು 3, ಅವರು 2. ಲಯದಲ್ಲಿ ಇಬ್ಬರೂ 2, ರಂಗದಲ್ಲಿ ಇಬ್ಬರೂ 4. ಅಂದರೆ ನನ್ನದು 6, 4, 4 ಸೇರಿ 14. ಅವರದು 4, 4, 4 ಸೇರಿ 12. ಹಿಂದಿನ ವರ್ಷದ ಆರರ ಅಂತರ ಎರಡಕ್ಕೆ ಇಳಿದಿತ್ತು, ಮತ್ತು ಆ ಎರಡೂ ಹಾಳೆಯ ಒಂದೇ ಕೋಣೆಯಲ್ಲಿ, ಭಾವದಲ್ಲಿ, ಸಿಕ್ಕಿಕೊಂಡಿದ್ದವು.

ಯಾಕೆ 2 ಅಂತ ಕೇಳಿದೆ. "ತನ್ನ ಮಾತಿರುವಾಗ ತುಂಬ ಚೆನ್ನಾಗಿ ಮಾಡುತ್ತಾಳೆ ಸರ್. ಆದರೆ ಕರು 'ಯಾರ ಮೊಲೆಯ ಕುಡಿಯಲಿ' ಅಂತ ಕೇಳುವಾಗ ಅವಳು ಮುಂದಿನ ಸಾಲು ನೆನೆಸಿಕೊಳ್ಳುತ್ತ ನಿಂತಿರುತ್ತಾಳೆ. ಮುಖ ಖಾಲಿ." ಮತ್ತೊಮ್ಮೆ ಆ ಭಾಗ ಆಡಿಸಿ ನೋಡಿದೆ. ನಿಜ. ಕರು ಬಿಕ್ಕುತ್ತಿದೆ, ತಾಯಿಯ ತುಟಿ ಸದ್ದಿಲ್ಲದೆ ತನ್ನ ಸರದಿಯ ಸಾಲನ್ನು ಒಪ್ಪಿಸಿಕೊಳ್ಳುತ್ತಿದೆ.

ಕೋಣೆಗಳನ್ನು ತಿದ್ದಿ ಬರೆದೆವು. ಮಗು ತನ್ನ ಸಾಲಿನಲ್ಲಿ ಭಾವ ತೋರಿಸಿ, ಎದುರಿನವರ ಸಾಲಿನಲ್ಲೂ ಅದನ್ನು ಉಳಿಸಿಕೊಂಡರೆ 3. ಅದರ ಮೇಲೆ, ಒಂದು ಭಾವದಿಂದ ಇನ್ನೊಂದಕ್ಕೆ ದಾಟುವುದು ಕಣ್ಣಿಗೆ ಕಂಡರೆ 4. ಉದಾಹರಣೆಗೆ, ಹುಲಿಯ ಮುಂದಿನ ಹೆದರಿಕೆ ಮಾತು ಕೊಡುವಾಗಿನ ಗಟ್ಟಿತನವಾಗುವುದು. ತನ್ನ ಸಾಲಿನಲ್ಲಿ ಮಾತ್ರ ಭಾವ ಇದ್ದರೆ 2. ಕೈ ಮಾತ್ರ ಆಡಿ ಕಣ್ಣು ಮೇಷ್ಟ್ರನ್ನೋ ಸಭಿಕರನ್ನೋ ಹುಡುಕುತ್ತಿದ್ದರೆ 1. ಕೈ ಹೋದಲ್ಲಿ ಕಣ್ಣು ಎಂಬ ನಾಟ್ಯದ ಹಳೆಯ ಮಾತನ್ನು ಇಲ್ಲಿ ಅಳತೆಗೋಲಾಗಿಯೇ ಬಳಸಬಹುದು. ಕರುವಿನ ಮೈದಡವುವ ಕೈಯ ಹಿಂದೆ ಕಣ್ಣು ಹೋಗದಿದ್ದರೆ, ಅದು ಬರೀ ಕೈಯ ಕೆಲಸ.

ಹೊಸ ಮಾತಿನ ಪ್ರಕಾರ ಅವಳಿಗೆ 2 ಬರಬೇಕು ಎಂದು ನಾನೂ ಒಪ್ಪಿದೆ. ಈ ವಿವರಣೆಯಿಂದ ಇನ್ನೊಂದು ಅನುಕೂಲವಾಯಿತು. ಹೆಚ್ಚು ಮಾತಿಲ್ಲದ ಎರಡು ಹಸುಗಳಿಗೂ 4 ಪಡೆಯುವ ದಾರಿ ತೆರೆಯಿತು. ಕರುವನ್ನು ತಮಗೆ ಒಪ್ಪಿಸುವ ಮಾತಿಗೆ ಕಿವಿಗೊಟ್ಟು, ಕೊನೆಗೆ ಅದನ್ನು ಹತ್ತಿರ ಎಳೆದುಕೊಳ್ಳುವಷ್ಟರಲ್ಲೇ ಭಾವ ದಾಟುವುದನ್ನು ತೋರಿಸಬಹುದು. ಮೊದಲಾದರೆ ಸಣ್ಣ ಪಾತ್ರ ಸಿಕ್ಕಿದ ಮಗುವಿನ ಅಂಕ ಪಾತ್ರ ಹಂಚಿದ ದಿನವೇ ತೀರ್ಮಾನವಾಗಿಬಿಡುತ್ತಿತ್ತು.

ಹಾಳೆಯ ತಲೆಯ ಮೇಲೆ ಒಂದು ಸಾಲು ಸೇರಿಸಿ: ವೇಷಭೂಷಣ, ಮುಖವರ್ಣಿಕೆಗೆ ಅಂಕವಿಲ್ಲ. ಬಾಡಿಗೆಗೆ ತಂದ ಹುಲಿಯ ಮುಖವಾಡ ಅಪ್ಪನ ಜೇಬಿನ ವಿಷಯ, ಅದು ಅಭಿನಯವಲ್ಲ.

ರಂಗದ ಬಳಕೆ: ಸುಣ್ಣದ ಗೆರೆ ಎಳೆಯಿರಿ

ನಮ್ಮ ಶಾಲೆಗಳಲ್ಲಿ ರಂಗವನ್ನು ಹಾಳುಮಾಡುವುದು ಮೈಕು. ನಡುವೆ ಒಂದು ಸ್ಟ್ಯಾಂಡ್ ನಿಲ್ಲಿಸಿದರೆ ಹುಲಿಯೂ ಹಸುವೂ ಅದರ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ. ಪರೀಕ್ಷೆಗೆ ಮೈಕು ಬೇಡ. ತರಗತಿಯ ಕೋಣೆ ಅಥವಾ ಜಗಲಿ ಸಾಕು.

ನೆಲದ ಮೇಲೆ ಸುಣ್ಣದಲ್ಲಿ ಮೂರಕ್ಕೆ ಮೂರರಂತೆ ಒಂಬತ್ತು ಮನೆ ಬರೆಯಿರಿ. ಅದೇ ಚಿತ್ರವನ್ನು ಅಂಕದ ಹಾಳೆಯ ಮೂಲೆಯಲ್ಲೂ ಹಾಕಿಕೊಳ್ಳಿ. ಎಡ, ಬಲ ಯಾವಾಗಲೂ ಆಡುವವರದೇ, ನೋಡುವವರದಲ್ಲ. ನಾವು ಹಿಂದಿನ ಎಡಮೂಲೆಯನ್ನು ಗವಿ ಎಂದೂ ಮುಂದಿನ ಬಲಮೂಲೆಯನ್ನು ದೊಡ್ಡಿ ಎಂದೂ ಇಟ್ಟುಕೊಂಡೆವು. ಪುಣ್ಯಕೋಟಿ ಹೋಗುವ, ಬರುವ ದಾರಿ ಕರ್ಣರೇಖೆಯಾಯಿತು. ಉದ್ದ ದಾರಿಯಾದ್ದರಿಂದ ಮರಳುವ ನಡಿಗೆಗೆ ತೂಕವೂ ಬಂತು.

ಇಲ್ಲಿ ನೋಡಬೇಕಾದದ್ದು ಎರಡೇ. ಒಂದು, ಒಮ್ಮೆ ಗವಿ ಎಂದು ತೋರಿಸಿದ ಜಾಗ ಕೊನೆಯವರೆಗೂ ಗವಿಯಾಗಿಯೇ ಉಳಿಯಿತೇ? ಗೊಲ್ಲ ಕಾಳಿಂಗ ದೊಡ್ಡಿಯ ಇಲ್ಲದ ಗೋಡೆಯನ್ನು ತೂರಿಕೊಂಡು ಹೋದರೆ ಅದು ತಪ್ಪು. ಎರಡು, ಜೊತೆಯವರನ್ನು ಮರೆಮಾಡಿ ನಿಂತರೆ ಅದು ಗೊತ್ತಾಗಿ ಸರಿಯುತ್ತಾರೋ? ಎರಡನ್ನೂ ತಾವಾಗಿ ಕಾಯ್ದುಕೊಂಡರೆ 4, ಒಮ್ಮೆ ತಪ್ಪಿದರೆ 3, ಯಾರಾದರೂ ಸನ್ನೆ ಮಾಡಬೇಕಾದರೆ 2, ನಿಂತಲ್ಲೇ ನಿಂತರೆ 1. ಸಭೆಗೆ ಬೆನ್ನು ಹಾಕಿದ್ದಕ್ಕೆಲ್ಲ ಅಂಕ ಕಳೆಯಬೇಡಿ. ಕರುವಿಗೆ ಬೆನ್ನು ತಿರುಗಿಸಿ ಹೊರಡುವ ತಾಯಿ ನಮಗೂ ಬೆನ್ನು ತೋರಿಸಲೇಬೇಕಲ್ಲ.

ಪರೀಕ್ಷೆಯ ದಿನ

ಆರು ಮಕ್ಕಳನ್ನು ಒಂದೇ ಸಲಕ್ಕೆ ಮೂರು ಅಂಶದಲ್ಲಿ ನೋಡಲು ಯಾರಿಂದಲೂ ಆಗದು. ದೃಶ್ಯವನ್ನು ಎರಡು ಸಲ ಆಡಿಸಿ. ಮೊದಲ ಸಲ ಭಾವ ಮತ್ತು ರಂಗ, ಎರಡನೇ ಸಲ ಬರೀ ಕಾಲು. ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಲಯದ ತಕರಾರು ಬಗೆಹರಿಯುತ್ತದೆ. ದೂರದಿಂದ ತೆಗೆದ ವಿಡಿಯೊದಲ್ಲಿ ಕಣ್ಣು ಕಾಣುವುದಿಲ್ಲವಾದ್ದರಿಂದ ಭಾವದ ಅಂಕವನ್ನು ಅದರಿಂದ ತಿದ್ದಬೇಡಿ.

ಒಂದೇ ತಪ್ಪಿಗೆ ಎರಡು ಕಡೆ ಅಂಕ ಹೋಗದಂತೆ ನೋಡಿಕೊಳ್ಳಿ. ಹುಲಿ ತಡವಾಗಿ ಬಂದರೆ ಅದು ಲಯದ ತಪ್ಪೋ ರಂಗದ್ದೋ? ನಾವು ಲಯಕ್ಕೆ ಎಂದು ಮೊದಲೇ ಬರೆದಿಟ್ಟುಕೊಂಡೆವು. ಇಬ್ಬರ ಅಂಕದಲ್ಲಿ ಒಂದು ಮಟ್ಟದ ವ್ಯತ್ಯಾಸ ಬಂದರೆ ಸರಾಸರಿ ಮಾಡಿ. ಎರಡು ಮಟ್ಟದ್ದಾದರೆ ಸರಾಸರಿ ಬೇಡ, ಏನು ಕಂಡಿತು ಎಂದು ಪರಸ್ಪರ ಹೇಳಿಕೊಂಡು ಮತ್ತೆ ಹಾಕಿ.

ರಿಹರ್ಸಲ್ ಆದ ಮರುದಿನವೇ ತಿದ್ದಿದ ಹಾಳೆಯನ್ನು ಮಕ್ಕಳಿಗೂ ಓದಿಹೇಳಿ ಗೋಡೆಗೆ ಅಂಟಿಸಿದ್ದೆವು. ಪುಣ್ಯಕೋಟಿಯ ಹುಡುಗಿ ಭಾವದ ಕೋಣೆಗಳನ್ನು ಎರಡು ಸಲ ಓದಿದಳು. ಆಮೇಲೆ ಬಂದು, "ಸರ್, ಕರು ಮಾತಾಡುವಾಗ ನಾನು ಅದರ ಕಿವಿ ನೆಕ್ಕುತ್ತಾ ಇರಲಾ? ಆಗ ಮುಂದಿನ ಸಾಲು ಮರೆತರೆ?" ಎಂದು ಕೇಳಿದಳು. ಮರೆತರೆ ಹಾಡುವವರು ಹೇಳಿಕೊಡುತ್ತಾರೆ, ಅದಕ್ಕೆ ಅಂಕ ಕಳೆಯುವುದಿಲ್ಲ ಅಂದೆ. ಅಂದ ಮೇಲೆ ಅದನ್ನೂ ಹಾಳೆಯಲ್ಲಿ ಬರೆಯಬೇಕಾಯಿತು.