ಸಂಬಳದ ಚೀಟಿಯಲ್ಲಿ ಒಂದು ಹೆಸರು, ಗೇಟಿನಲ್ಲಿ ಇನ್ನೊಂದು: ನಿಜವಾದ ಮಾಲೀಕ ಯಾರೆಂದು ಪತ್ತೆ ಮಾಡುವ ಬಗೆ

ಗುತ್ತಿಗೆ ಕಾರ್ಮಿಕರ ಕಡತ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮಗೆ ಬೇಕಾಗಿರುವುದು ಬಾಕಿ ಹಣವೋ, ಕೆಲಸವೋ? ಎರಡಕ್ಕೂ ದಾರಿ ಬೇರೆ. ಏಜೆನ್ಸಿಯವರು ಮೂರು ತಿಂಗಳ ಸಂಬಳ ಕೊಡದೆ ಕೈ ಎತ್ತಿದ್ದರೆ ನಿಜವಾದ ಮಾಲೀಕ ಯಾರೆಂಬ ಚರ್ಚೆಯೇ ಬೇಕಾಗಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21(4)ನೇ ಕಲಮಿನಲ್ಲಿದ್ದ, ಈಗಿನ ಕಾರ್ಮಿಕ ಸಂಹಿತೆಯಲ್ಲೂ ಉಳಿದಿರುವ ನಿಯಮದ ಪ್ರಕಾರ, ಗುತ್ತಿಗೆದಾರ ಕೊಡದಿದ್ದ ಸಂಬಳವನ್ನು ಕಂಪನಿಯೇ ಕೊಡಬೇಕು. ಆಮೇಲೆ ಅದು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಪಿಎಫ್ ಮತ್ತು ಇಎಸ್‌ಐ ವಂತಿಗೆಗೂ ಹೆಚ್ಚುಕಡಿಮೆ ಇದೇ ನಿಯಮ. ಗುತ್ತಿಗೆ ಅಸಲಿಯೇ ಇದ್ದರೂ ಕಂಪನಿ ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಬಾಕಿ ಸಂಬಳದ ಅರ್ಜಿಯಲ್ಲಿ ‘ನಾವು ಕಂಪನಿಯದೇ ನೌಕರರು’ ಎಂದು ಬರೆದು ವರ್ಷಗಟ್ಟಲೆ ಸಾಕ್ಷಿ ವಿಚಾರಣೆಗೆ ಸಿಕ್ಕಿಕೊಂಡವರಿದ್ದಾರೆ. ಅಂಥ ಅರ್ಜಿಯಲ್ಲಿ ಆ ವಾಕ್ಯಕ್ಕೆ ಜಾಗವಿಲ್ಲ.

ಕೆಲಸ ಬೇಕು, ಕಾಯಂ ನೌಕರರಿಗೆ ಸಿಗುವುದೆಲ್ಲ ಬೇಕು ಎಂದಾಗ ಮಾತ್ರ ಗುತ್ತಿಗೆ ನೆಪಮಾತ್ರದ್ದು ಎಂದು ತೋರಿಸಬೇಕಾಗುತ್ತದೆ. ಅದನ್ನು ಸಾಬೀತು ಮಾಡುವ ಭಾರವೂ ಕಾರ್ಮಿಕರ ಮೇಲೆಯೇ. ಇಲ್ಲಿ ಬಹಳ ಜನ ಎಡವುವುದು ಲೈಸೆನ್ಸಿನ ವಿಷಯದಲ್ಲಿ. ‘ಏಜೆನ್ಸಿಗೆ ಲೈಸೆನ್ಸೇ ಇಲ್ಲ, ಆದ್ದರಿಂದ ನಾವು ಕಂಪನಿಯವರು’ ಎಂಬ ವಾದ ನಿಲ್ಲುವುದಿಲ್ಲ. ಲೈಸೆನ್ಸ್ ಅಥವಾ ನೋಂದಣಿ ಇಲ್ಲದಿದ್ದರೆ ದಂಡ, ಶಿಕ್ಷೆ ಆಗಬಹುದು. ಅಷ್ಟರಿಂದಲೇ ಕಾರ್ಮಿಕ ಕಂಪನಿಯ ನೌಕರನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ದೀನಾನಾಥ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರ ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಅಲ್ಲಿದ್ದವರು ತಾನೇ ತಾನಾಗಿ ಕಾಯಂ ಆಗುವುದಿಲ್ಲ ಎಂಬುದು 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಕೊಟ್ಟ ತೀರ್ಪು. ಗುತ್ತಿಗೆ ಅಸಲಿಯೋ ನಕಲಿಯೋ ಎಂಬುದನ್ನು ಕೈಗಾರಿಕಾ ನ್ಯಾಯಮಂಡಳಿ ಸಾಕ್ಷಿ ನೋಡಿ ತೀರ್ಮಾನಿಸಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ನೇರವಾಗಿ ಹೈಕೋರ್ಟಿಗೆ ರಿಟ್ ಹಾಕಿ ಇದನ್ನು ಗೆಲ್ಲಲು ಹೊರಟವರು ಸಾಮಾನ್ಯವಾಗಿ ಬರಿಗೈಲಿ ಮರಳಿ ಕಾರ್ಮಿಕ ಇಲಾಖೆಯ ಬಾಗಿಲಿಗೇ ಬರುತ್ತಾರೆ.

ಹಾಗಾದರೆ ಏನನ್ನು ಹುಡುಕಬೇಕು? ಕಾರ್ಮಿಕರನ್ನು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ‘ನಮಗೆ ಕೆಲಸ ಹೇಳುವುದು ಕಂಪನಿಯ ಎಂಜಿನಿಯರು.’ ನಿಜ ಇರಬಹುದು, ಸಾಲದು. ಏರ್‌ಪೋರ್ಟ್ ಅಥಾರಿಟಿಯ ಕಾರ್ಗೊ ಕಾರ್ಮಿಕರ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಜನರನ್ನು ಒದಗಿಸುವುದೇ ಗುತ್ತಿಗೆಯಾಗಿದ್ದರೆ ಅವರು ದಿನವೂ ಕಂಪನಿಯ ಹೇಳಿಕೆಯಂತೆ ಕೆಲಸ ಮಾಡುವುದು ಸಹಜ. ಅದು ಎರಡನೆಯ ಮಟ್ಟದ ಹಿಡಿತ. ಈ ಮನುಷ್ಯನನ್ನು ಎಲ್ಲಿಗೆ ಕಳಿಸಬೇಕು, ಎಷ್ಟು ದಿನ, ಯಾವಾಗ ವಾಪಸು ಕರೆಸಬೇಕು ಎಂದು ತೀರ್ಮಾನಿಸುವವನ ಕೈಯಲ್ಲಿರುವುದು ಮೊದಲ ಮಟ್ಟದ ಹಿಡಿತ. ಆದ್ದರಿಂದ ‘ಕೆಲಸ ಯಾರು ಹೇಳುತ್ತಾರೆ’ ಎಂಬ ಪ್ರಶ್ನೆಯ ಮೇಲೆ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಆರಿಸಿದವರು ಯಾರು, ರಜೆ ಕೊಡುವವರು ಯಾರು, ‘ನಾಳೆಯಿಂದ ಬರಬೇಡ’ ಎನ್ನುವವರು ಯಾರು, ಸಂಬಳದ ದುಡ್ಡು ನಿಜಕ್ಕೂ ಯಾರದು: ಹುಡುಕಾಟ ಈ ನಾಲ್ಕರ ಸುತ್ತ.

ಕಾಗದಗಳಲ್ಲಿ ಪಿಎಫ್ ಪಾಸ್‌ಬುಕ್ಕನ್ನು ಮೊದಲು ತೆಗೆಸುತ್ತೇನೆ. ಕಾರ್ಮಿಕನ ಪಿಎಫ್ ಗುರುತಿನ ಸಂಖ್ಯೆಯಾದ ಯುಎಎನ್ ಒಂದೇ ಇರುತ್ತದೆ. ಏಜೆನ್ಸಿ ಬದಲಾದಾಗಲೆಲ್ಲ ಅದರ ಕೆಳಗೆ ಹೊಸ ಮೆಂಬರ್ ಐಡಿ ಹುಟ್ಟುತ್ತದೆ. ಆ ಐಡಿಯಲ್ಲಿ 22 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಐದು ಅಕ್ಷರ ಪಿಎಫ್ ಕಚೇರಿಯವು, ಮುಂದಿನ ಏಳು ಅಂಕಿ ಸಂಸ್ಥೆಯ ಕೋಡು, ಆಮೇಲೆ ಮೂರು ಅಂಕಿ ಅದರ ಶಾಖೆಯದು, ಕೊನೆಯ ಏಳು ಸದಸ್ಯನದು. ಒಬ್ಬನ ಎಲ್ಲ ಐಡಿಗಳನ್ನೂ ಸೇರಿದ ತಾರೀಖು, ಬಿಟ್ಟ ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದರೆ ಅವನ ಚರಿತ್ರೆ ಕಾಣುತ್ತದೆ. ಆದರೆ ಪಾಸ್‌ಬುಕ್ಕಿನಲ್ಲಿ ಏಜೆನ್ಸಿಯ ಹೆಸರಿರುವುದನ್ನೇ ಕಂಪನಿಯ ವಕೀಲರು ತಮ್ಮ ಮೊದಲ ದಾಖಲೆಯಾಗಿ ಹಾಜರುಪಡಿಸುತ್ತಾರೆ ಎಂಬುದೂ ನೆನಪಿರಲಿ. ನಮಗೆ ಬೇಕಾಗಿರುವುದು ಅದರಲ್ಲಿನ ತಾರೀಖುಗಳು.

ಒಂದು ಪ್ರಕರಣವನ್ನು ಹೆಸರು, ಗುರುತು ಬದಲಿಸಿ ನೋಡೋಣ. ಬಿಡಿಭಾಗ ಮಾಡುವ ಕಾರ್ಖಾನೆ. ಪ್ಯಾಕಿಂಗ್ ವಿಭಾಗದಲ್ಲಿ 34 ಜನ. ಏಳು ವರ್ಷದಲ್ಲಿ ಮೂರು ಏಜೆನ್ಸಿ. ಪಾಸ್‌ಬುಕ್ಕುಗಳನ್ನು ಅಕ್ಕಪಕ್ಕ ಇಟ್ಟರೆ ಎಲ್ಲರೂ ಮಾರ್ಚ್ 31ಕ್ಕೆ ಒಂದು ಏಜೆನ್ಸಿ ಬಿಟ್ಟು ಏಪ್ರಿಲ್ 1ಕ್ಕೆ ಮತ್ತೊಂದಕ್ಕೆ ಸೇರಿದ್ದಾರೆ. ಸಂದರ್ಶನ ಇಲ್ಲ, ಅರ್ಜಿ ಇಲ್ಲ. ಹೊಸ ಏಜೆನ್ಸಿಗೆ ಹೆಸರಿನ ಪಟ್ಟಿ ಕಂಪನಿಯ ಎಚ್‌ಆರ್ ವಿಭಾಗದಿಂದ ಹೋದ ಇ-ಮೇಲ್ ಇದೆ. ಬಂದು ಹೋದದ್ದು ಏಜೆನ್ಸಿಗಳು, ಜನರಲ್ಲ. ಆರಿಸಿದ್ದು ಯಾರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಅಪರೂಪ.

ಇನ್ನು ಬಿಲ್ಲು. ವರ್ಕ್ ಆರ್ಡರಿನಲ್ಲಿ ‘ಇಷ್ಟು ಪೆಟ್ಟಿಗೆ ಪ್ಯಾಕ್ ಮಾಡಿಕೊಡಬೇಕು’ ಎಂದಿಲ್ಲ, ‘34 ಜನ, ಎಂಟು ಗಂಟೆಯ ಪಾಳಿ’ ಎಂದಷ್ಟೇ ಇದೆ. ತಿಂಗಳಿಗೆ 26 ದಿನದಂತೆ 884 ಆಳು-ದಿನ. ದಿನಕ್ಕೆ 600 ರೂಪಾಯಿಯಂತೆ ಸಂಬಳ 5,30,400 ರೂಪಾಯಿ. ಅದರ ಮೇಲೆ ಪಿಎಫ್, ಇಎಸ್‌ಐ ಖರ್ಚಾದಷ್ಟೇ, ಆಮೇಲೆ ಶೇ 5ರ ಸೇವಾ ಶುಲ್ಕ 26,520 ರೂಪಾಯಿ. ತಲೆಗೆ 780 ರೂಪಾಯಿ ಆಯಿತು. ಕೆಲಸ ಕೆಟ್ಟರೆ ನಷ್ಟ ಏಜೆನ್ಸಿಗಿಲ್ಲ, ಬೇಗ ಮುಗಿಸಿದರೆ ಲಾಭವೂ ಇಲ್ಲ. ಕಂಪನಿಯ ದುಡ್ಡು ಬಂದ ದಿನ ಅಥವಾ ಮರುದಿನವೇ ಕಾರ್ಮಿಕರ ಖಾತೆಗೆ ಸಂಬಳ ಬೀಳುತ್ತದೆ. ಕಂಪನಿ ತಡಮಾಡಿದ ತಿಂಗಳು ಸಂಬಳವೂ ತಡ. ಏಜೆನ್ಸಿಯ ಸ್ವಂತ ಬಂಡವಾಳ ಇಲ್ಲಿ ಕಾಣುವುದಿಲ್ಲ. ಆದರೂ ಜನರನ್ನು ಒದಗಿಸುವ ಕಾನೂನುಬದ್ಧ ಗುತ್ತಿಗೆಯ ಬಿಲ್ಲೂ ಹೀಗೆಯೇ ಇರಬಹುದು. ಅದಕ್ಕೇ ಬಿಲ್ಲನ್ನು ನಾನು ಒಂಟಿಯಾಗಿ ನಿಲ್ಲಿಸುವುದಿಲ್ಲ, ಇತರ ಸಾಕ್ಷಿಗಳ ಜೊತೆಗೆ ಇಡುತ್ತೇನೆ.

ತಕ್ಕಡಿ ವಾಲಿಸುವುದು ರಜೆ ಮತ್ತು ವಜಾ. ಇಲ್ಲಿ ರಜೆ ಚೀಟಿಗೆ ಸಹಿ ಕಂಪನಿಯ ಶಿಫ್ಟ್ ಇನ್‌ಚಾರ್ಜರದು. ಇಬ್ಬರನ್ನು ತೆಗೆದಾಗ ಗೇಟ್ ಪಾಸ್ ಬ್ಲಾಕ್ ಆದದ್ದು ತಿಂಗಳ 9ರಂದು, ಏಜೆನ್ಸಿಯ ‘ನಿಮ್ಮನ್ನು ಬಿಡುಗಡೆ ಮಾಡಲಾಗಿದೆ’ ಪತ್ರದ ತಾರೀಖು 14. ಐದು ದಿನ ಮೊದಲೇ ತೀರ್ಮಾನ ಆಗಿತ್ತು, ಪತ್ರ ಆಮೇಲೆ ಹುಟ್ಟಿತು. ತೆಗೆದವರಿಗೆ ಏಜೆನ್ಸಿ ಬೇರೆ ಕಡೆ ಕೆಲಸ ತೋರಿಸಲಿಲ್ಲ ಎಂಬುದೂ ಮುಖ್ಯ. ನಿಜವಾದ ಮಾಲೀಕನಾಗಿದ್ದರೆ ತನ್ನ ಆಳನ್ನು ಇನ್ನೊಂದು ಕಡೆ ಹಾಕುತ್ತಿದ್ದ. ಏಜೆನ್ಸಿಯ ‘ಸೈಟ್ ಸೂಪರ್‌ವೈಸರ್’ ಎಂದು ತೋರಿಸಿದವನ ಪಾಸ್‌ಬುಕ್ ನೋಡಿದರೆ ಅವನೂ ಮೂರೂ ಏಜೆನ್ಸಿಯಲ್ಲಿ ಹಾದುಬಂದ ಅದೇ 34ರಲ್ಲಿ ಒಬ್ಬ.

ನಮಗೆ ವಿರುದ್ಧವಾದದ್ದನ್ನೂ ಅಷ್ಟೇ ಗಮನದಿಂದ ಹುಡುಕಬೇಕು. ಈ 34ರಲ್ಲಿ ಮೂವರನ್ನು ಏಜೆನ್ಸಿ ಐದು ತಿಂಗಳು ಬೇರೊಂದು ಕಾರ್ಖಾನೆಗೆ ಕಳಿಸಿ ವಾಪಸು ತಂದಿತ್ತು. ಎಲ್ಲಿಗೆ ಕಳಿಸಬೇಕೆಂದು ಏಜೆನ್ಸಿಯೇ ತೀರ್ಮಾನಿಸಿದ್ದಕ್ಕೆ ಇದೇ ಪುರಾವೆ. ಅವರನ್ನು ಒಟ್ಟು ಪಟ್ಟಿಯಲ್ಲಿ ಸೇರಿಸಿದರೆ ಎದುರು ವಕೀಲರು ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದು ಅವರನ್ನೇ, ಉಳಿದ 31 ಜನರ ಕತೆಯೂ ಸಡಿಲವಾಗುತ್ತದೆ. ಇಂಥವರ ಪ್ರಕರಣವನ್ನು ಬೇರೆಯಾಗಿಯೇ ನಡೆಸುವುದು ಲೇಸು.

ಸಾಕ್ಷಿ ಕೂಡಿಸುವಾಗ ಕಾರ್ಖಾನೆಯ ಕಾಗದ ಎತ್ತಿಕೊಂಡು ಬರಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕಳ್ಳತನದ ದೂರು ಬಂದರೆ ಮೂಲ ವಿಷಯವೇ ಮರೆಯಾಗುತ್ತದೆ. ಹಾಜರಿ ಯಂತ್ರದ ದಾಖಲೆ, ಗೇಟ್ ಪಾಸ್ ರಿಜಿಸ್ಟರು, ವರ್ಕ್ ಆರ್ಡರು, ಬಿಲ್ಲುಗಳು ಇವೆ ಎಂದು ಯಾರಾದರೂ ಕಣ್ಣಾರೆ ಕಂಡು ಹೇಳಿದರೆ ಸಾಕು. ಅವನ್ನು ಹಾಜರುಪಡಿಸಲು ಕಂಪನಿಗೆ ಆದೇಶಿಸಿ ಎಂದು ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಇದ್ದೂ ತರದಿದ್ದರೆ ಅದನ್ನು ಅವರ ವಿರುದ್ಧವೇ ಅರ್ಥ ಮಾಡಿಕೊಳ್ಳಿ ಎಂದು ಕೇಳಬಹುದು. ಲೈಸೆನ್ಸಿನ ಪ್ರತಿಯನ್ನು ಕಾರ್ಮಿಕ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೆಲಸ ಕೊಟ್ಟಿರುವುದು ಸರ್ಕಾರಿ ಸಂಸ್ಥೆಯಾದರೆ ಟೆಂಡರ್, ಬಿಲ್ಲುಗಳಿಗೂ ಅದೇ ದಾರಿ. ಲೈಸೆನ್ಸಿನಲ್ಲಿ ಬರೆದ ಕೆಲಸ ‘ಹೌಸ್‌ಕೀಪಿಂಗ್’, ಜನ ನಿಂತಿರುವುದು ಯಂತ್ರದ ಮುಂದೆ, ಇಂಥ ವ್ಯತ್ಯಾಸ ಇಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳ ಫೋಟೊ ಇದ್ದರೆ ಸಾಲದು. ಪೂರ್ತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿಸಿ, ಮೂಲ ಫೋನನ್ನು ಮಾರದೆ, ರಿಪೇರಿಗೂ ಕೊಡದೆ ಇಡಲು ಹೇಳಬೇಕು.

ಬೇಡಿಕೆ ಪತ್ರ ಬರೆಯುವಾಗ ಇನ್ನೊಂದು ಗುಂಡಿ ಇದೆ. ‘ಗುತ್ತಿಗೆ ನೆಪಮಾತ್ರದ್ದು’ ಮತ್ತು ‘ಗುತ್ತಿಗೆ ಪದ್ಧತಿಯನ್ನು ರದ್ದು ಮಾಡಿ’ ಎಂಬ ಎರಡನ್ನೂ ಒಂದೇ ಪತ್ರದಲ್ಲಿ ತುರುಕುವುದು. ರದ್ದು ಮಾಡಿ ಎಂದರೆ ಅಸಲಿ ಗುತ್ತಿಗೆ ಇದೆ ಎಂದು ಒಪ್ಪಿದಂತೆ. ಅದರ ಅಧಿಕಾರವೂ ನ್ಯಾಯಮಂಡಳಿಗಿಲ್ಲ, ಸರ್ಕಾರಕ್ಕಿತ್ತು. ಹೀಗೆ ಒಂದನ್ನೊಂದು ಕೆಡಿಸುವ ವಾದವನ್ನು ಒಟ್ಟಿಗೆ ಮಾಡುವಂತಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾನು ಬರೆಯುವುದು ಇಷ್ಟೇ: ‘ಮೊದಲ ದಿನದಿಂದಲೂ ನಾವು ಕಂಪನಿಯ ನೌಕರರು, ಏಜೆನ್ಸಿಗಳು ಹೆಸರಿಗೆ ಮಾತ್ರ.’ ಕಂಪನಿ ಮತ್ತು ಏಜೆನ್ಸಿ ಇಬ್ಬರನ್ನೂ ಎದುರುದಾರರನ್ನಾಗಿ ಹಾಕುತ್ತೇನೆ. ಏಜೆನ್ಸಿಯನ್ನು ಬಿಟ್ಟರೆ ಅದರ ಕಡತ ನಮ್ಮ ಮುಂದೆ ಬರುವುದೇ ಕಷ್ಟ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಗುತ್ತಿಗೆಯ ನಿಯಮಗಳಿಗೆ ಹಿಂದೆ 20 ಜನ ಇದ್ದರೆ ಸಾಕಿತ್ತು, ಈಗ 50 ಬೇಕು. ಸಂಸ್ಥೆಯ ಮುಖ್ಯ ಕಸುಬಿನಲ್ಲಿ ಗುತ್ತಿಗೆಯವರನ್ನು ಇಡಬಾರದು ಎಂಬ ನಿಯಮ ಬಂದಿದೆ, ವಿನಾಯಿತಿಗಳೂ ಜೊತೆಗಿವೆ. ಏಜೆನ್ಸಿಯಲ್ಲೇ ಕಾಯಂ ಆಗಿ, ಕಾಲಕಾಲಕ್ಕೆ ಸಂಬಳ ಏರಿಕೆ, ಸಾಮಾಜಿಕ ಭದ್ರತೆ ಪಡೆಯುವವರನ್ನು ‘ಗುತ್ತಿಗೆ ಕಾರ್ಮಿಕ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ದೊಡ್ಡ ಸ್ಟಾಫಿಂಗ್ ಕಂಪನಿಗಳು ಇನ್ನು ಮುಂದೆ ಈ ಬಾಗಿಲನ್ನು ಬಳಸುತ್ತವೆ. ಆದ್ದರಿಂದ ಏಜೆನ್ಸಿ ಬದಲಾದಾಗ ಸಂಬಳ, ಸೇವಾವಧಿ ಮತ್ತೆ ಮೊದಲಿನಿಂದ ಶುರುವಾಯಿತೇ ಎಂಬುದನ್ನೂ ಪಟ್ಟಿ ಮಾಡಿಕೊಳ್ಳಬೇಕು. ಪ್ರತಿ ಬಾರಿ ಸೊನ್ನೆಯಿಂದ ಶುರುವಾಗಿದ್ದರೆ ‘ಕಾಲಕಾಲಕ್ಕೆ ಏರಿಕೆ’ ಎಂಬ ಮಾತು ಅಲ್ಲಿಗೇ ಬೀಳುತ್ತದೆ.

ವ್ಯಾಜ್ಯ ನಡೆಯುತ್ತಿರುವಾಗಲೇ ನಾಲ್ಕನೆಯ ಏಜೆನ್ಸಿ ಬರುವುದು ಮಾಮೂಲು. ಆಗ ಹಳೆಯ ಏಜೆನ್ಸಿ ‘ನಾನೇ ರಾಜೀನಾಮೆ ಕೊಟ್ಟಿದ್ದೇನೆ, ಪೂರ್ತಿ ಲೆಕ್ಕ ಚುಕ್ತಾ ಆಗಿದೆ’ ಎಂಬ ಹಾಳೆಗೆ ಸಹಿ ಕೇಳುತ್ತದೆ. ಸಹಿ ಮಾಡದೆ ದುಡ್ಡು ಬರದು ಎಂದಾದರೆ, ಸಹಿಯ ಮೇಲೆ ಕೈಬರಹದಲ್ಲಿ ‘ಕೆಲಸ ಮುಂದುವರಿದಿದೆ, ವ್ಯಾಜ್ಯಕ್ಕೆ ಬಾಧೆ ಇಲ್ಲದಂತೆ ಹಣ ಪಡೆದಿದ್ದೇನೆ’ ಎಂದು ಬರೆದು, ತಾರೀಖು ಹಾಕಿ, ಅಲ್ಲೇ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಅದೇ ವಾರ ಹೊಸ ಏಜೆನ್ಸಿಯನ್ನೂ ಪ್ರಕರಣಕ್ಕೆ ಸೇರಿಸುವ ಅರ್ಜಿ ಹಾಕಬೇಕು, ಹೊಸ ಮೆಂಬರ್ ಐಡಿಯ ಮುದ್ರಿತ ಪ್ರತಿ ಲಗತ್ತಿಸಿ.