ಸೆಂಟ್ರಿಂಗ್ ಇಲ್ಲದೆ ಟಾಪ್-ಡೌನ್ ಸ್ಲ್ಯಾಬ್: ನನ್ನ ಅನುಭವ

ಮೂರು ಬೇಸ್‌ಮೆಂಟ್, ಸುತ್ತ ಮಣ್ಣು ತಡೆಯುವ 600 ಎಂಎಂ ಡಯಾಫ್ರಮ್ ವಾಲ್, ಒಂದು ಬದಿಗೆ ಐದಾರು ಮೀಟರ್ ದೂರದಲ್ಲೇ ಹಳೇ ಇಟ್ಟಿಗೆ ಕಟ್ಟಡ. ಟಾಪ್-ಡೌನ್ ಮಾಡೋಣ, ಅಂದರೆ ಮೇಲಿನ ಸ್ಲ್ಯಾಬ್ ಮೊದಲು ಹಾಕಿ ಅದರ ಕೆಳಗೆ ಅಗೆಯುತ್ತಾ ಹೋಗೋಣ ಅಂತ ಎಲ್ಲರೂ ಒಪ್ಪಿದ್ದರು. ಜಗಳ ಬಂದಿದ್ದು ಸ್ಲ್ಯಾಬ್ ಹಾಕುವ ಬಗ್ಗೆ.

ಗುತ್ತಿಗೆದಾರರಿಗೆ ಎಂದಿನಂತೆ ಸೆಂಟ್ರಿಂಗ್ ಬೇಕಿತ್ತು. ಅದಕ್ಕೆ ಜನ ನಿಂತು ಕೆಲಸ ಮಾಡಲು ಸ್ಲ್ಯಾಬಿನ ಕೆಳಗೆ ಇನ್ನೂ 1.8 ಮೀಟರ್ ಅಗೆಯಬೇಕು. ಅಂದರೆ ಮೂರೂವರೆ ಮೀಟರ್ ಇರಬೇಕಾದ ಆಧಾರವಿಲ್ಲದ ಗೋಡೆ ಐದು ಮೀಟರ್ ದಾಟುತ್ತದೆ. ಸ್ಲ್ಯಾಬ್ ಬರುವ ಮೊದಲು ಗೋಡೆ ಎಷ್ಟು ಒಳಗೆ ಬಂತೋ ಅಷ್ಟು ಬಂತು, ಆಮೇಲೆ ಸ್ಲ್ಯಾಬ್ ಅದನ್ನು ವಾಪಸ್ ತಳ್ಳಲ್ಲ ಅಲ್ವಾ? ಹಾಗಾಗಿ ಸ್ಲ್ಯಾಬಿನ ಅಡಿಮಟ್ಟಕ್ಕೆ ಅಗೆದು, 75 ಎಂಎಂ ಪಿಸಿಸಿ, ಅಂದರೆ ಕಂಬಿ ಇಲ್ಲದ ಕಾಂಕ್ರೀಟ್ ಹಾಕಿ, ಅದರ ಮೇಲೇ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯೋಣ ಅಂದೆ. "ಕೆಳಗಿನಿಂದ ನೋಡಿದ್ರೆ ಅಸಹ್ಯವಾಗಿರುತ್ತೆ ಸಾರ್" ಅಂದರು.

ಮೊದಲ ಬೇಸ್‌ಮೆಂಟಿನಲ್ಲಿ ಅವರ ಮಾತೇ ನಿಜವಾಯಿತು. ಅಂಟದಿರಲಿ ಅಂತ ಪಿಸಿಸಿ ಮೇಲೆ ಹಾಸಿದ್ದ ಪಾಲಿಥಿನ್ ಹಾಳೆ ಸುಕ್ಕುಗಟ್ಟಿ, ಆ ಸುಕ್ಕೆಲ್ಲ ಸ್ಲ್ಯಾಬಿನ ಅಡಿಯಲ್ಲಿ ಅಚ್ಚೊತ್ತಿತು. ಹಾಳೆ ಹರಿದ ಕಡೆ ಪಿಸಿಸಿ ಕಚ್ಚಿಕೊಂಡಿತು. ಇದು ಬರೀ ಅಂದದ ಪ್ರಶ್ನೆ ಅಲ್ಲ. ಕೆಳಗೆ ಅಗೆಯುವಾಗ ಅಂಟಿದ ಪಿಸಿಸಿ ಚಪ್ಪಡಿ ಯಾವಾಗ ತಲೆ ಮೇಲೆ ಬೀಳುತ್ತದೋ ಗೊತ್ತಾಗಲ್ಲ. ಅಗೆದಷ್ಟು ಜಾಗದಲ್ಲಿ ಯಂತ್ರದ ಬಕೆಟ್‌ನಿಂದಲೇ ಅದನ್ನು ಕೆರೆದು ಬೀಳಿಸಿ, ಸುತ್ತಿಗೆಯಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬರದಿದ್ದರೆ ಮಾತ್ರ ಜನರನ್ನು ಬಿಡುತ್ತಿದ್ದೆವು. ಕೆರೆಯೋದಕ್ಕೆ, ತೇಪೆ ಹಾಕೋದಕ್ಕೆ ಸೆಂಟ್ರಿಂಗ್‌ನಲ್ಲಿ ಉಳಿದ ದುಡ್ಡಿನ ಅರ್ಧದಷ್ಟು ಹೋಯಿತು.

ಎರಡನೇ ಬೇಸ್‌ಮೆಂಟಿನಿಂದ ಪಿಸಿಸಿಯನ್ನು ನುಣ್ಣಗೆ ತೇಯಿಸಿ, ಮೇಲೆ ತೆಳು ಪ್ಲೈವುಡ್ ಹಾಸಿದೆ. ಪ್ಲೈಗೆ ಹಚ್ಚಿದ್ದು ಏನು ಅಂತ ಮಾತ್ರ ಕೇಳಬೇಡಿ, ಮುಂದಿನ ಕೆಲಸಕ್ಕೂ ಬೇಕು. ಬಕೆಟ್ ತಾಗಿದರೆ ಸಾಕು, ಕಳಚಿ ಬೀಳುತ್ತಿತ್ತು. ಹೆಚ್ಚುಕಮ್ಮಿ ಪ್ಲಾಸ್ಟರ್ ಬೇಡದಂಥ ಮೈ ಬಂತು.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕಾಂಕ್ರೀಟ್ ಕುಗ್ಗಿದಾಗ ಬಿರುಕು ಕಡಿಮೆಯಾಗಲಿ ಅಂತ ಒಂದು ಸ್ಲ್ಯಾಬಿನ ನಡುವೆ ಮೀಟರ್ ಅಗಲದ ಪಟ್ಟಿಯನ್ನು ಆಮೇಲೆ ತುಂಬಲು ಖಾಲಿ ಬಿಟ್ಟೆ. ಬಿರುಕೇನೋ ಕಮ್ಮಿ ಆಯಿತು. ಆದರೆ ಪಟ್ಟಿ ಖಾಲಿ ಇದ್ದರೆ ಸ್ಲ್ಯಾಬ್ ಆ ಗೋಡೆಯಿಂದ ಈ ಗೋಡೆಗೆ ಒತ್ತಡ ಸಾಗಿಸಲ್ಲ, ಅದಕ್ಕೆ ಅಡ್ಡಲಾಗಿ ಉಕ್ಕಿನ ತುಂಡುಗಳನ್ನು ಸಿಕ್ಕಿಸಬೇಕಾಯಿತು. ಅದರ ಖರ್ಚು ನೋಡಿ ಮತ್ತೆ ಆ ತಂಟೆಗೆ ಹೋಗಲಿಲ್ಲ.

ಮಣ್ಣು ತೆಗೆಯೋದು ಮಾತ್ರ ದುಬಾರಿ. ಸ್ಲ್ಯಾಬಿನಲ್ಲಿ ಬಿಟ್ಟ ಎರಡು ಕಿಂಡಿಯಿಂದಲೇ ಎಲ್ಲ ಎತ್ತಬೇಕು, ತೆರೆದ ಗುಂಡಿಗಿಂತ ಒಂದೂವರೆ ಪಟ್ಟು ಬಿತ್ತು. ಗೋಡೆಗೆ ಅಡ್ಡ ಕೊಡುವ ತಾತ್ಕಾಲಿಕ ಉಕ್ಕಿನ ಸ್ಟ್ರಟ್‌ನ ಖರ್ಚು ಪೂರ್ತಿ ಉಳಿದಿದ್ದರಿಂದ ಲೆಕ್ಕ ಸರಿಹೋಯಿತು. ಕೊನೆಗೆ ಗೋಡೆ ಒಳಗೆ ಬಂದಿದ್ದು ಇನ್‌ಕ್ಲಿನೋಮೀಟರ್ ಪ್ರಕಾರ ಹನ್ನೆರಡು ಹದಿಮೂರು ಎಂಎಂ, ಡಿಸೈನಿನವರು ಇಪ್ಪತ್ತೈದಕ್ಕೆ ತಯಾರಾಗಿದ್ದರು. ಬಿರುಕು ಬಿಟ್ಟರೆ ಗೊತ್ತಾಗಲಿ ಅಂತ ಪಕ್ಕದ ಕಟ್ಟಡದ ಗೋಡೆಗೆ ಅಂಟಿಸಿದ್ದ ಗಾಜಿನ ಪಟ್ಟಿಗಳಲ್ಲಿ ಒಂದೂ ಒಡೆಯಲಿಲ್ಲ.